ಡೆಲ್ಟಾ ಸರಿ ಮಾಡಿದ್ರೂ 28 ಸಾವಿರ ಎಲ್ಲಿ ಹೋಯ್ತು?

ಪ್ರಶ್ನೆ: «ಒಂದೇ ಶೇರಿನಲ್ಲಿ 1000ದ ಕಾಲ್ 4 ಲಾಟ್, 950ರ ಪುಟ್ 2 ಲಾಟ್ ಮಾರಿದ್ದೆ. ಲಾಟ್ 500. ಶೇರು 1000 ಇತ್ತು, ಎಕ್ಸ್‌ಪೈರಿಗೆ 20 ದಿನ. ಡೆಲ್ಟಾ ಸರಿ ಹೋಗಲಿ ಅಂತ ಫ್ಯೂಚರ್ 2 ಲಾಟ್ ಕೊಂಡೆ. ಮರುದಿನ 950ಕ್ಕೆ ಬಿತ್ತು, 28 ಸಾವಿರ ನಷ್ಟ. ಕಾಲ್ ಮಾರಿದವನಿಗೆ ಬಿದ್ದರೆ ಲಾಭ ಅಲ್ವಾ? ಗಾಮಾ ಹೆಡ್ಜ್ ಅಂತಾರಲ್ಲ, ಅದು ಹೇಗೆ?»

ದಾವಣಗೆರೆ ಅಣ್ಣ, ನಿಮ್ಮ ನಷ್ಟ ಎರಡು ಕಡೆಯಿಂದ ಬಂದಿದೆ. ಅವನ್ನು ಬೇರೆ ಬೇರೆ ಮಾಡಿ ನೋಡೋಣ.

ಮೊದಲು ಡೆಲ್ಟಾ, ಅಂದರೆ ಶೇರು 1 ರೂಪಾಯಿ ಆಡಿದರೆ ಆಪ್ಷನ್ ಬೆಲೆ ಎಷ್ಟು ಆಡುತ್ತದೆ ಅನ್ನೋದು. ಐವಿ, ಅಂದರೆ ಆಪ್ಷನ್ ಬೆಲೆಯೊಳಗೆ ಅಡಗಿರುವ ವರ್ಷದ ಏರಿಳಿತದ ಅಂದಾಜು, ಶೇಕಡಾ 30 ಅಂತ ಹಿಡಿದರೆ 1000ದ ಕಾಲ್ ಡೆಲ್ಟಾ 0.514. ನೀವು 2000 ಶೇರಿನಷ್ಟು ಮಾರಿದ್ದೀರಿ, ಅಂದರೆ ಮೈನಸ್ 1028. 950ರ ಪುಟ್ ಡೆಲ್ಟಾ ಮೈನಸ್ 0.222. ಮಾರಿದ್ದರಿಂದ ಅದು ನಿಮಗೆ ಪ್ಲಸ್ 222. ಒಟ್ಟು ಮೈನಸ್ 806. ಫ್ಯೂಚರ್ 2 ಲಾಟ್ ಅಂದರೆ ಪ್ಲಸ್ 1000. ಹಾಗಾಗಿ ನಿಮ್ಮದು ಸೊನ್ನೆ ಆಗಲಿಲ್ಲ, ಪ್ಲಸ್ 194ಕ್ಕೆ ಹೋಗಿ ನಿಂತಿತು. 50 ರೂಪಾಯಿ ಬಿದ್ದಾಗ ಅಷ್ಟರಿಂದಲೇ 9,700 ಹೋಯಿತು. ಫ್ಯೂಚರ್ 1 ಲಾಟ್ ಕೊಂಡು, ಉಳಿದ 306 ಶೇರನ್ನು ಡೆಲಿವರಿಯಲ್ಲಿ ಕೊಂಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಉಳಿದದ್ದೆಲ್ಲ ಗಾಮಾ, ಅಂದರೆ ಶೇರು ಆಡಿದಂತೆ ಡೆಲ್ಟಾನೇ ಬದಲಾಗೋದು. ಹರಿಹರದ ಅಣ್ಣ ಇದಕ್ಕೆ «ಫ್ಯೂಚರ್ ಸರಿಯಾಗಿ ಹಾಕಿದ್ರೆ ಸಾಕಿತ್ತು» ಅಂದಿದ್ದಾರೆ. ಅರ್ಧ ಸರಿ. ಫ್ಯೂಚರ್‌ಗೆ ಗಾಮಾ ಅನ್ನೋದೇ ಇಲ್ಲ. ಎಷ್ಟು ಲಾಟ್ ಹಾಕಿದರೂ ಇದು ಒಂದು ಕಾಳಿನಷ್ಟೂ ಕಡಿಮೆ ಆಗಲ್ಲ. ಆ ದಿನ ನಿಮ್ಮ ಗಾಮಾ ಮೈನಸ್ 15.6: ಕಾಲ್‌ನಿಂದ 11.4, ಪುಟ್‌ನಿಂದ 4.2. ಶೇರು 1 ರೂಪಾಯಿ ಇಳಿದರೆ ನಿಮ್ಮ ಡೆಲ್ಟಾ 15.6 ಏರುತ್ತದೆ. 10 ರೂಪಾಯಿ ಇಳಿಯುವಷ್ಟರಲ್ಲಿ 156 ಶೇರು ಹೆಚ್ಚಿಗೆ ಕೊಂಡವರ ಹಾಗೆ ಆಗಿರುತ್ತೀರಿ, ಅದೂ ಬೀಳುವ ಶೇರಿನಲ್ಲಿ. ಏರಿದರೆ ಇದೇ ಉಲ್ಟಾ. ಯಾವ ಕಡೆ ಹೋದರೂ ಏಟು. ಲೆಕ್ಕ ಹೀಗೆ: ಅರ್ಧ × 15.6 × 50 × 50 = 19,500. ಇದಕ್ಕೆ 9,700 ಸೇರಿಸಿ, ಒಂದು ದಿನ ಕಳೆದಿದ್ದಕ್ಕೆ ಆಪ್ಷನ್ ಮಾರಿದವನಿಗೆ ಸಿಗುವ ಥೀಟಾ ಸುಮಾರು 1,900 ಕಳೆಯಿರಿ. ನಿಮ್ಮ 28 ಸಾವಿರದ ಹತ್ತಿರಕ್ಕೆ ಬಂತು ನೋಡಿ.

ಚನ್ನಗಿರಿಯಿಂದ ಒಬ್ಬರು ಗೋದಾಮಿನ ಮೆಕ್ಕೆಜೋಳಕ್ಕೂ ಹೀಗೇ ಮಾಡಬಹುದಾ ಅಂತ ಕೇಳಿದ್ದಾರೆ. ಅದು ಬೇರೆ ವಿಷಯ. ನಿಮ್ಮ ಹತ್ತಿರ 100 ಕ್ವಿಂಟಲ್ ಇದ್ದರೆ ಬೆಲೆ ಏರಿದರೂ ಇಳಿದರೂ ಅದು 100 ಕ್ವಿಂಟಲ್ಲೇ. ಆಪ್ಷನ್ ಮಾರಿದವನ ಗೋದಾಮು ಹಾಗಲ್ಲ. ಬೆಲೆ ಇಳಿದಾಗ ಚೀಲ ತಾನೇ ಜಾಸ್ತಿ ಆಗುತ್ತದೆ, ಏರಿದಾಗ ಕಡಿಮೆ. ಜೋಳಕ್ಕೆ ಗಾಮಾ ಇಲ್ಲ, ಗಾಮಾ ಹೆಡ್ಜ್ ಮಾಡೋದೂ ಬೇಡ.

ಈಗ ಮಾಡಬೇಕಿದ್ದ ಕೆಲಸ. ಗಾಮಾ ಮೊದಲು, ಡೆಲ್ಟಾ ಆಮೇಲೆ. ಗಾಮಾ ಸರಿ ಮಾಡಲು ಆಪ್ಷನ್ ಕೊಳ್ಳಲೇಬೇಕು. ಕೊಂಡ ಆಪ್ಷನ್ ತನ್ನ ಡೆಲ್ಟಾನೂ ಜೊತೆಗೆ ತರುತ್ತದೆ. ಮೊದಲೇ ಫ್ಯೂಚರ್ ಹಾಕಿದ್ದರೆ ಅದನ್ನು ಮತ್ತೆ ತೆಗೆಯಬೇಕು, ಬ್ರೋಕರೇಜ್ ದಂಡ.

ಅದೇ ತಿಂಗಳ 1050 ಕಾಲ್ ತೆಗೆದುಕೊಳ್ಳಿ. ಐವಿ 30ರಲ್ಲೇ ಬೆಲೆ 10.37, ಡೆಲ್ಟಾ 0.255, ಗಾಮಾ 0.00457. ಬೇಕಾದ ಗಾಮಾ 15.6. ಅದನ್ನು 0.00457ರಿಂದ ಭಾಗಿಸಿದರೆ ಸುಮಾರು 3,413 ಶೇರು, ಅಂದರೆ 6.8 ಲಾಟ್. 7 ಲಾಟ್ ಕೊಂಡರೆ ಗಾಮಾ ಪ್ಲಸ್ 0.4ಕ್ಕೆ ಬರುತ್ತದೆ. ಇನ್ನು ಡೆಲ್ಟಾ ನೋಡಿ: 3500 ಶೇರಿಗೆ ಪ್ಲಸ್ 892. ನಿಮ್ಮ ಮೈನಸ್ 806 ಸೇರಿಸಿದರೆ ಪ್ಲಸ್ 86. ಫ್ಯೂಚರ್ ಬೇಕಾಗಿಯೇ ಇರಲಿಲ್ಲ! ನೀವು ಕೊಂಡ 2 ಲಾಟ್ ಇಟ್ಟುಕೊಂಡೇ ಇದನ್ನು ಮಾಡಿದ್ದರೆ ಡೆಲ್ಟಾ 1086 ಆಗುತ್ತಿತ್ತು. ಹಿಂದೊಮ್ಮೆ ನಾನೇ ಈ ತಪ್ಪು ಮಾಡಿದ್ದೆ. ಇಡೀ ದಿನ ಹೆಡ್ಜ್ ಆಗಿದೆ ಅಂದುಕೊಂಡು ಪಿ.ಬಿ. ರೋಡಲ್ಲಿ ಬೆಣ್ಣೆ ದೋಸೆ ತಿನ್ನುತ್ತಾ ಕೂತಿದ್ದೆ.

ಎನ್‌ಎಸ್‌ಇ ಆಪ್ಷನ್ ಚೈನ್‌ನಲ್ಲಿ ಐವಿ ಸಿಗುತ್ತದೆ, ಗಾಮಾ ಸಿಗಲ್ಲ. ಶೀಟಿನಲ್ಲಿ ಹೀಗೆ ಹಾಕಿಕೊಳ್ಳಿ:

```
d1    = (LN(S/K) + v^2*T/2) / (v*SQRT(T))
delta = NORM.S.DIST(d1, TRUE)
gamma = NORM.S.DIST(d1, FALSE) / (S*v*SQRT(T))
```

`S` ಜಾಗದಲ್ಲಿ ಫ್ಯೂಚರ್ ಬೆಲೆ, `K` ಸ್ಟ್ರೈಕ್, `v` ಅಂದರೆ 0.30, `T` ಅಂದರೆ 20/365. ಪುಟ್ ಆದರೆ ಡೆಲ್ಟಾದಿಂದ 1 ಕಳೆಯಿರಿ. ಗಾಮಾ ಎರಡಕ್ಕೂ ಒಂದೇ.

ಇಷ್ಟಾದರೂ ಕೆಲಸ ಮುಗಿಯಲ್ಲ. ಈ 7 ಲಾಟ್ ಹಾಕಿದ್ದರೂ 950ರಲ್ಲಿ ನಿಮಗೆ ಸುಮಾರು 7,500 ನಷ್ಟ ಇರುತ್ತಿತ್ತು. ಯಾಕೆಂದರೆ 1050 ಕಾಲ್ ಗಾಮಾ ಮೇಲಿನ ಕಡೆ ಇದೆ. ಶೇರು ಕೆಳಗೆ ಹೋದಷ್ಟೂ ಅದು ಸಪ್ಪೆ ಆಗುತ್ತದೆ, ನೀವು ಮಾರಿದ 950 ಪುಟ್ ಮಾತ್ರ ಚುರುಕಾಗುತ್ತದೆ. 950ಕ್ಕೆ ಬಂದಾಗ ಒಟ್ಟು ಗಾಮಾ ಮತ್ತೆ ಮೈನಸ್ 7.4, ಡೆಲ್ಟಾ ಪ್ಲಸ್ 287. ಅಂದರೆ ಸೊನ್ನೆ ಮಾಡಿದ್ದು 1000ದ ಆಸುಪಾಸಿಗೆ ಮಾತ್ರ. ಅದಕ್ಕೇ ಶೀಟಿನಲ್ಲಿ `S` ಬದಲಿಸಿ 950, 1050ರಲ್ಲೂ ಗಾಮಾ ಎಷ್ಟು ಅಂತ ಮೊದಲೇ ನೋಡಿಡಿ. ಚಳ್ಳಕೆರೆ ಮೇಷ್ಟ್ರು ಅನ್ನೋದು ಬೇರೆ: 9,300 ಕೊಟ್ಟು ಆ 2 ಲಾಟ್ ಪುಟ್ ವಾಪಸ್ ಕೊಂಡುಬಿಡಿ, ಕೆಳಗಿನ ತಲೆನೋವೇ ಹೋಗುತ್ತೆ, ಕಾಲ್‌ಗೆ ಮಾತ್ರ ಹೆಡ್ಜ್ ಹಾಕಿ ಅಂತ. ಆಗ ಫ್ಯೂಚರ್ 1 ಲಾಟ್ ಮತ್ತೆ ಬೇಕಾಗುತ್ತದೆ. ಆದರೂ ಅವರ ಮಾತು ತಳ್ಳಿಹಾಕುವಂಥದ್ದಲ್ಲ.

ದುಡ್ಡಿನ ಲೆಕ್ಕಾನೂ ಹೇಳಬೇಕು. ನಿಮಗೆ ಬಂದ ಪ್ರೀಮಿಯಂ ಸುಮಾರು 65 ಸಾವಿರ. 7 ಲಾಟ್‌ಗೆ 36 ಸಾವಿರ ಹೋಯಿತು. ಐವಿ ಒಂದೇ ಇದ್ದರೆ ಗಾಮಾ ಸೊನ್ನೆ ಆದ ಕೂಡಲೇ ಥೀಟಾನೂ ಸೊನ್ನೆ. ದಿನಕ್ಕೆ 1,900 ಬರುತ್ತಿದ್ದದ್ದು ನಿಂತಿತು. ಥೀಟಾ ತಿನ್ನೋಕೆ ಆಪ್ಷನ್ ಮಾರಿ, ಪೂರ್ತಿ ಗಾಮಾ ಹೆಡ್ಜ್ ಮಾಡಿದರೆ ಸುಮ್ನೆ ಬ್ರೋಕರ್‌ಗೆ ದುಡಿದ ಹಾಗೆ. ನಾನಾದರೆ ಕಂಪನಿ ರಿಸಲ್ಟ್ ಹಿಂದಿನ ದಿನ ಬಿಟ್ಟರೆ 4 ಲಾಟ್ ಮಾತ್ರ ಹಾಕುತ್ತೇನೆ. ಆಗ ಗಾಮಾ ಮೈನಸ್ 6.5, ದಿನದ ಥೀಟಾ ಸುಮಾರು 800, ಡೆಲ್ಟಾ ಮೈನಸ್ 297. ಅಷ್ಟಕ್ಕೆ 297 ಶೇರು ಡೆಲಿವರಿಯಲ್ಲಿ ಕೊಳ್ಳಬಹುದು, ದುಡ್ಡಿದ್ದರೆ.

ಮತ್ತೆ ಡೆಲ್ಟಾ ಎಷ್ಟು ಸಲ ಸರಿಮಾಡಬೇಕು ಅನ್ನೋದರಲ್ಲಿ ನನಗೂ ಮೇಷ್ಟ್ರಿಗೂ ಜಗಳ ಇದೆ. ಅವರು ದಿನಾ ಮಧ್ಯಾಹ್ನ 3ಕ್ಕೆ. ನಾನು ಡೆಲ್ಟಾ 250 ದಾಟಿದಾಗ, ಅಂದರೆ ಅರ್ಧ ಲಾಟ್. ಅವರದ್ದರಲ್ಲಿ ಬೆಳಗಿನ ಗ್ಯಾಪ್ ಹೊಡೆಯುತ್ತದೆ. ನನ್ನದರಲ್ಲಿ ಕೆಲವು ದಿನ ಮೂರು ಸಲ ಕೊಂಡು ಮಾರಿ ಸುಸ್ತು.

ಕೊನೆಗೆ ಎಕ್ಸ್‌ಪೈರಿ ವಾರ. ಶೇರು ಸ್ಟ್ರೈಕ್ ಮೇಲೇ ಕೂತಿದ್ದರೆ, 5 ದಿನ ಉಳಿದಾಗ ಆ ಆಪ್ಷನ್ ಗಾಮಾ 20 ದಿನದಲ್ಲಿದ್ದ ಎರಡರಷ್ಟು. ಈ ಲಾಟ್ ಲೆಕ್ಕ ಆಗ ನಡೆಯಲ್ಲ, ಹೊಸದಾಗಿ ಹಾಕಿ. ಶೇರಿನ ಆಪ್ಷನ್ ಇನ್ ದಿ ಮನಿಯಲ್ಲಿ ಮುಗಿದರೆ ಡೆಲಿವರಿ ಆಗುತ್ತದೆ. ಶೇರು 1030ರಲ್ಲಿ ನಿಂತರೆ ನೀವು 1000ದ ಕಾಲ್‌ಗೆ 2000 ಶೇರು ಕೊಡಬೇಕು, ಕೊಂಡ 1050 ಕಾಲ್ ಸೊನ್ನೆ. ನಿಮ್ಮ ಡಿಮ್ಯಾಟ್‌ನಲ್ಲಿ ಶೇರು ಇದೆಯಾ, ಇಲ್ಲ ಮುಂಚೆಯೇ ಕಟ್ ಮಾಡ್ತೀರಾ? ಅದು ತಿಳಿಸಿ, ಆಮೇಲೆ ಈಗಿನ 950ರ ಪೊಸಿಷನ್ ನೋಡೋಣ.