ಸಂಕಿರಣದ ದಿನಕ್ಕೆ ಸೀರೆ ಮತ್ತು ಚಪ್ಪಲಿ

“ತುಮಕೂರಿನ ವಿಚಾರ ಸಂಕಿರಣದಲ್ಲಿ ದಿನವಿಡೀ ನಿಲ್ಲಬೇಕು, ಕೊಠಡಿಯಿಂದ ಕೊಠಡಿಗೆ ಓಡಾಡಬೇಕು. ಸೀರೆಯೊಂದಿಗೆ ಯಾವ ಚಪ್ಪಲಿ ಹಾಕಲಿ?”

ಮೇಡಂ, ಹಿಮ್ಮಡಿಯ ಹಿಂದೆ ಪಟ್ಟಿ ಇರುವ, ಅಟ್ಟೆ ಮೆತ್ತಗಿರುವ ತಗ್ಗು ಚಪ್ಪಲಿಯನ್ನು ಆರಿಸಿಕೊಳ್ಳಿ. ಪಟ್ಟಿಯಿಲ್ಲದಿದ್ದರೆ ಅದು ಜಾರದಂತೆ ಹಿಡಿಯಲು ಪ್ರತಿ ಹೆಜ್ಜೆಗೂ ಬೆರಳುಗಳು ಬಿಗಿಯಾಗಿ, ಮಧ್ಯಾಹ್ನದ ಹೊತ್ತಿಗೆ ಪಾದ ನೋಯತೊಡಗುತ್ತದೆ. ಬಹಳ ಹೊತ್ತು ನಿಂತರೆ ಪಾದ ಊದಿಕೊಳ್ಳುವುದರಿಂದ, ಹೊಸದನ್ನು ಕೊಳ್ಳುವುದಾದರೆ ಸಂಜೆ ಹಾಕಿ ನೋಡಿ ಕೊಳ್ಳಿ, ಸಂಕಿರಣಕ್ಕೆ ಮೊದಲು ಕೆಲವು ದಿನ ಮೆಟ್ಟಿ ಪಳಗಿಸಿ.

ಸೀರೆಯನ್ನು ಆ ಚಪ್ಪಲಿ ಮೆಟ್ಟಿಕೊಂಡೇ ಉಡಬೇಕು, ಇದು ನಿಜಕ್ಕೂ ಮುಖ್ಯ. ಎತ್ತರದ ಚಪ್ಪಲಿಯಲ್ಲಿ ಉಟ್ಟು, ಕಾಲು ನೊಂದಾಗ ತಗ್ಗಿನದಕ್ಕೆ ಬದಲಾಯಿಸಿದರೆ ಅಂಚು ನೆಲ ಮುಟ್ಟಿ, ಮೆಟ್ಟಿಲು ಹತ್ತುವಾಗ ನಿರಿಗೆ ಕಾಲಿಗೆ ಸಿಗುತ್ತದೆ. ಅಂಚು ನೆಲದಿಂದ ಎರಡು ಬೆರಳು ಮೇಲಿರಲಿ. ಮನೆಯ ಮೆಟ್ಟಿಲನ್ನು ಒಮ್ಮೆ ಹತ್ತಿಳಿದರೆ ಎತ್ತರ ಸಾಲದಿದ್ದರೆ ತಕ್ಷಣ ಗೊತ್ತಾಗುತ್ತದೆ. ಎಸಿ ಕೊಠಡಿಗಳಿದ್ದರೆ ತೆಳುವಾದ ಶಾಲೊಂದು ಸಾಕು.