ನಾಯಿ ಕಚ್ಚಿದ ಗಾಯದ ತೊಳೆತ ಮತ್ತು ಲಸಿಕೆಯ ದಿನಗಳು

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮಕ್ಕನ ಆರು ವರ್ಷದ ಮಗನಿಗೆ ಪಕ್ಕದ ಮನೆಯ ನಾಯಿ ಮೀನಖಂಡಕ್ಕೆ ಕಚ್ಚಿ ರಕ್ತ ಬಂದಿದೆ, ಅರಿಸಿನ ಹಚ್ಚಿದ್ದಾರೆ. ಸಾಕಿದ ನಾಯಿ, ಹತ್ತು ದಿನ ನೋಡಿ ಇಂಜೆಕ್ಷನ್ ಹಾಕಿಸಿದರೆ ಆಗದೇ?

ಆಗುವುದಿಲ್ಲ. ನಾಯಿಯನ್ನು ಹತ್ತು ದಿನ ಗಮನಿಸುವುದು ಸರಿ, ಆದರೆ ಅದು ಲಸಿಕೆಯ ಜೊತೆಜೊತೆಗೆ ನಡೆಯಬೇಕೇ ಹೊರತು ಲಸಿಕೆಗೆ ಮೊದಲಲ್ಲ. ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಶುಶ್ರೂಷಕಿಯಾಗಿರುವ ನಾನು ಮನೆಯವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಗುವನ್ನು ಬಚ್ಚಲಿಗೆ ಕರೆದೊಯ್ದು ಅರಿಸಿನವನ್ನು ತೊಳೆದು ತೆಗೆಯಿರಿ. ನಲ್ಲಿಯ ಕೆಳಗೆ, ನಲ್ಲಿ ಇಲ್ಲದಿದ್ದರೆ ತಂಬಿಗೆಯಿಂದ ನೀರು ಸುರಿಯುತ್ತ, ಸೋಪು ಹಚ್ಚಿ ಗಡಿಯಾರ ನೋಡಿಕೊಂಡು ಪೂರ್ತಿ 15 ನಿಮಿಷ ತೊಳೆಯಬೇಕು. ಬಟ್ಟೆ ಸೋಪಾದರೂ ಅಡ್ಡಿಯಿಲ್ಲ. ರೇಬೀಸ್ ವೈರಸ್ಸಿನ ಹೊರಪದರದಲ್ಲಿ ಕೊಬ್ಬಿನ ಅಂಶವಿರುವುದರಿಂದ ಸೋಪು ಅದನ್ನು ಒಡೆಯುತ್ತದೆ, ಹರಿಯುವ ನೀರು ಜೊಲ್ಲನ್ನು ಹೊರಗೆ ಒಯ್ಯುತ್ತದೆ. ಕಚ್ಚಿ ಕೆಲವು ಗಂಟೆ ಕಳೆದಿದ್ದರೂ ತೊಳೆಯಿರಿ. ಬಳಿಕ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕ ಮದ್ದು ಹಚ್ಚಬಹುದು. ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಬೇಡ. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ.

ಚರ್ಮ ಹರಿದು ರಕ್ತ ಬಂದಿರುವುದರಿಂದ ಇದು ಮೂರನೆಯ ವರ್ಗದ ಗಾಯ, ಅಂದರೆ ಲಸಿಕೆಯೊಂದೇ ಸಾಲದು. ಲಸಿಕೆಯಿಂದ ದೇಹ ರಕ್ಷಣೆ ಕಟ್ಟಿಕೊಳ್ಳಲು ಒಂದು ವಾರಕ್ಕೂ ಹೆಚ್ಚು ಬೇಕು. ಆ ನಡುವೆ ಗಾಯದಲ್ಲೇ ವೈರಸ್ಸನ್ನು ತಡೆಯಲು ಇಮ್ಯುನೊಗ್ಲಾಬ್ಯುಲಿನ್, ರೂಢಿಯಲ್ಲಿ ಸೀರಂ ಎನ್ನುವ ಮದ್ದನ್ನು ಗಾಯದೊಳಗೂ ಸುತ್ತಲೂ ಚುಚ್ಚುತ್ತಾರೆ. ಅದು ತೂಕದ ಲೆಕ್ಕ: ಕುದುರೆಯ ರಕ್ತದಿಂದ ತಯಾರಾದ ಸೀರಮ್ಮಾದರೆ ಕಿಲೋಗೆ 40 ಯೂನಿಟ್, 18 ಕಿಲೋ ಮಗುವಿಗೆ 720. ಹತ್ತಿರದ ಕೇಂದ್ರದಲ್ಲಿ ಸೀರಂ ಇಲ್ಲದಿದ್ದರೆ ಮೊದಲ ಲಸಿಕೆಯನ್ನು ಅಲ್ಲಿಯೇ ಹಾಕಿಸಿ, ಸೀರಮ್ಮಿಗೆ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ವಿಚಾರಿಸಿ ಹೋಗಿ. ಅದೇ ದಿನ ಆದರೆ ಉತ್ತಮ. ಮೊದಲ ಲಸಿಕೆಯಿಂದ ಏಳು ದಿನ ದಾಟಿದ ಮೇಲೆ ಅದನ್ನು ಕೊಡುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದೊಳಗೆ, ಎರಡು ತೋಳಿಗೂ 0.1 ಮಿಲಿಲೀಟರಿನಂತೆ ಲಸಿಕೆ ಹಾಕುತ್ತಾರೆ. ಸರಿಯಾಗಿ ಬಿದ್ದರೆ ಅಲ್ಲಿ ಸಣ್ಣ ಬಿಳಿಚಿದ ಗುಳ್ಳೆ ಏಳುತ್ತದೆ. ಏಳದಿದ್ದರೆ ಸಂಕೋಚವಿಲ್ಲದೆ ಅಲ್ಲೇ ಕೇಳಿ. ದಿನಗಳು 0, 3, 7 ಮತ್ತು 28. ಕಚ್ಚಿದ ದಿನವಲ್ಲ, ಮೊದಲ ಲಸಿಕೆ ಬಿದ್ದ ದಿನವೇ ಸೊನ್ನೆ ಎಂಬುದರಲ್ಲಿ ಅನೇಕರು ಎಡವುತ್ತಾರೆ. ಸೋಮವಾರ ಶುರುವಾದರೆ ಗುರುವಾರ, ಮುಂದಿನ ಸೋಮವಾರ, ಕೊನೆಗೆ ನಾಲ್ಕು ವಾರ ತುಂಬಿದ ಸೋಮವಾರ. ಖಾಸಗಿಯಲ್ಲಿ ಸ್ನಾಯುವಿಗೆ ಹಾಕಿದರೆ 14ನೆಯ ದಿನವೂ ಸೇರಿ ಐದು ಸಲ. ಅದೂ ತೋಳಿಗೆ, ಪೃಷ್ಠಕ್ಕೆ ಎಂದಿಗೂ ಅಲ್ಲ. ಹೊಕ್ಕುಳ ಸುತ್ತಿನ ಹದಿನಾಲ್ಕು ಸೂಜಿಯ ಭಯ ಅಜ್ಜಿಯರಿಗೆ ಇನ್ನೂ ಇದೆ. ಆ ಕಾಲ ಹೋಗಿದೆ.

ನಾಯಿ ಹತ್ತನೆಯ ದಿನವೂ ಚೆನ್ನಾಗಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಮಳೆಗೆ ಬಸ್ ನಿಂತು ಒಂದು ದಿನ ತಪ್ಪಿದರೆ ಮರುದಿನವೇ ಕಾರ್ಡ್ ಹಿಡಿದು ಹೋಗಿ. ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.