ಬ್ಯಾಟರಿಯಲ್ಲಿ ಬಳಕೆಗೆ ಸಿಗದ ಹನ್ನೊಂದು ಯೂನಿಟ್

ಪ್ರಶ್ನೆ: ನನ್ನ ಹಳೆಯ ಎಲೆಕ್ಟ್ರಿಕ್ ಕಾರು ಆಡಿ ಇ-ಟ್ರಾನ್ 55ರ ಬ್ಯಾಟರಿ 95 ಯೂನಿಟ್, ಬಳಸಲು ಸಿಗುವುದು 83.6 ಮಾತ್ರ. ಉಳಿದುದನ್ನು ಕಂಪನಿ ಮುಚ್ಚಿಟ್ಟಿರುವುದೇಕೆ? ಒಬ್ಬ ಮೆಕ್ಯಾನಿಕ್ ಲ್ಯಾಪ್‌ಟಾಪ್ ಹಚ್ಚಿ ತೆರೆದುಕೊಡುತ್ತೇನೆ ಎನ್ನುತ್ತಾರೆ. ಮಾಡಿಸಲೇ?

ಮಾಡಿಸಬೇಡಿ. ಈ ಪ್ರಶ್ನೆಗೆ ನಾನು ಮತ್ತೆ ಮತ್ತೆ ಉತ್ತರಿಸುತ್ತಿದ್ದೇನೆ, ಮತ್ತು ಪ್ರತಿ ಸಲವೂ ಅದರ ಹಿಂದೆ ಇಂಥ ಒಬ್ಬ ಲ್ಯಾಪ್‌ಟಾಪ್ ಪಂಡಿತರಿರುತ್ತಾರೆ.

ಆ ಬ್ಯಾಟರಿಯಲ್ಲಿ ನಾಲ್ಕು ನಾಲ್ಕು ಸೆಲ್‌ಗಳ 108 ಗುಂಪುಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿಕೊಂಡಿವೆ. ಅವು ಎಂದೂ ಪೂರ್ತಿ ಸಮನಾಗಿರುವುದಿಲ್ಲ. ಬ್ಯಾಟರಿ ಬರಿದಾಗುತ್ತ ಬಂದಂತೆ ಅತ್ಯಂತ ದುರ್ಬಲವಾದ ಗುಂಪು ಉಳಿದವುಗಳಿಗಿಂತ ಮೊದಲು ತಳ ಮುಟ್ಟುತ್ತದೆ. ಆಗಲೂ ಸಾಲಿನ ಉಳಿದ ಸೆಲ್‌ಗಳು ಅದರ ಮೂಲಕವೇ ವಿದ್ಯುತ್ ಹರಿಸುತ್ತಿದ್ದರೆ ಅದರ ವೋಲ್ಟೇಜ್ ಮಿತಿ ಮೀರಿ ಕುಸಿದು, ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಹಾಗೆ ಕರಗಿದ ತಾಮ್ರ ಮುಂದಿನ ಚಾರ್ಜಿನಲ್ಲಿ ಬೇರೆಡೆ ಕುಳಿತು ಸೆಲ್ಲಿನೊಳಗೇ ಶಾರ್ಟ್ ಆಗಲು ದಾರಿ ಮಾಡುತ್ತದೆ. ಪರದೆ ಸೊನ್ನೆ ತೋರಿಸಿದಾಗಲೂ ತಳದಲ್ಲಿ ಒಂದಿಷ್ಟು ಉಳಿದಿರಬೇಕಾದುದು ಇದಕ್ಕಾಗಿ. ಸೊನ್ನೆಗಿಳಿಸಿದ ಕಾರನ್ನು ವಾರಗಟ್ಟಲೆ ನಿಲ್ಲಿಸುವವರನ್ನು ಕಾಪಾಡುವುದೂ ಅದೇ. ಮೇಲಿನ ತುದಿಯಲ್ಲಿ ಒಂದಿಷ್ಟು ಖಾಲಿ ಬಿಡುವ ಕಾರಣ ಬೇರೆ. ಇಂಥ ಸೆಲ್ ಸುಮಾರು 4.2 ವೋಲ್ಟಿನಲ್ಲಿ ಪೂರ್ತಿ ತುಂಬುತ್ತದೆ, ಆದರೆ ಅಲ್ಲೇ ಬಹಳ ಹೊತ್ತು ನಿಂತರೆ ಬೇಗ ಮುದಿಯಾಗುತ್ತದೆ. ಅಲ್ಲದೆ, ಬ್ರೇಕ್ ಹಿಡಿದಾಗ ಹುಟ್ಟುವ ವಿದ್ಯುತ್ತಿಗೆ ಒಳಗೆ ಜಾಗವೂ ಉಳಿಯುವುದಿಲ್ಲ.

ಇದು ಕಳ್ಳತನವಲ್ಲ ಎಂಬುದಕ್ಕೆ ನಿಮ್ಮ ಕಾರೇ ಸಾಕ್ಷಿ. 2019ರ ಕೊನೆಗೆ ಆಡಿ ಇದೇ 95 ಯೂನಿಟ್ ಬ್ಯಾಟರಿಯಿಂದ 86.5 ಯೂನಿಟ್ ಬಳಸಲು ಬಿಟ್ಟಿತು. ಸೆಲ್‌ಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದವರೇ ಬಿಟ್ಟದ್ದು ಮೂರು ಯೂನಿಟ್‌ಗೂ ಕಡಿಮೆ. ನಿಮ್ಮ ಮೆಕ್ಯಾನಿಕ್ ಯಾವ ಪರೀಕ್ಷೆಯ ಬಲದ ಮೇಲೆ ಹನ್ನೊಂದನ್ನೂ ಬಿಡುತ್ತಾರೆ?

ಬ್ಯಾಟರಿಯ ಆರೋಗ್ಯ ಅಳೆಯುವಾಗಲೂ ಈ ವ್ಯತ್ಯಾಸ ನೆನಪಿರಲಿ. 100%ರಿಂದ 10%ರವರೆಗೆ ಒಂದೇ ಪ್ರಯಾಣದಲ್ಲಿ ಓಡಿಸಿ, ಕಾರು ತೋರಿಸುವ ಬಳಕೆಯನ್ನು 0.9ರಿಂದ ಭಾಗಿಸಿ. ಬಳಕೆ 70 ಯೂನಿಟ್ ಆಗಿದ್ದರೆ ಬಳಸಲು ಸಿಗುವ ಸಾಮರ್ಥ್ಯ ಸುಮಾರು 78. ಅದನ್ನು 83.6ಕ್ಕೆ ಹೋಲಿಸಿದರೆ ಶೇ 93ರಷ್ಟು ಉಳಿದಿದೆ ಎಂದರ್ಥ. 95ಕ್ಕೆ ಹೋಲಿಸಿದರೆ ಶೇ 82 ಎಂದು ಬಂದು ನಿಮ್ಮ ನಿದ್ದೆಗೆಡುತ್ತದೆ. ನನಗೆ ಬರುವ ಗಾಬರಿಯ ಪತ್ರಗಳಲ್ಲಿ ಹೆಚ್ಚಿನವು ಈ ತಪ್ಪು ಭಾಗಾಕಾರದಿಂದಲೇ ಹುಟ್ಟಿದವು. ಚಳಿಯಲ್ಲಿ ಮಾತ್ರ ಅಳೆಯಬೇಡಿ. ತಣ್ಣಗಿನ ಸೆಲ್ ಇರುವುದಕ್ಕಿಂತ ಕಡಿಮೆ ಕೊಡುತ್ತದೆ.

ಪ್ರಶ್ನೆ: ಚಾರ್ಜರಿನ ಮೀಟರ್ ಬ್ಯಾಟರಿ ಹಿಡಿಯುವುದಕ್ಕಿಂತ ಹೆಚ್ಚು ಯೂನಿಟ್ ತೋರಿಸುತ್ತದೆ. ಹೆಚ್ಚಿನದು ಬಫರ್‌ಗೆ, ಅಂದರೆ ಬಳಕೆಗೆ ಸಿಗದ ಆ ಭಾಗಕ್ಕೆ ಹೋಯಿತೇ?

ಇಲ್ಲ, ಎಸಿಯನ್ನು ಡಿಸಿ ಮಾಡುವಾಗ ಮತ್ತು ಬ್ಯಾಟರಿಯೊಳಗೆ ಅದು ಶಾಖವಾಗಿ ನಷ್ಟವಾಯಿತು.

ಪ್ರಶ್ನೆ: ಸೊನ್ನೆ ತೋರಿಸಿದ ಮೇಲೂ ಬಫರ್ ನಂಬಿ ಇಪ್ಪತ್ತು ಕಿಲೋಮೀಟರ್ ಓಡಿಸಬಹುದೇ?

ಕೂಡದು, ಆ ಉಳಿಕೆ ಇರುವುದು ಸೆಲ್ಲಿನ ರಕ್ಷಣೆಗೆ, ಮತ್ತು ದುರ್ಬಲ ಗುಂಪು ತಳ ಮುಟ್ಟಿದ ಕ್ಷಣವೇ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ.